ಶೇ. 100 ರಾಯಲ್ಟಿ ಅಂದರು, ಪ್ರತಿಗೆ ಉಳಿದದ್ದು 7 ರೂಪಾಯಿ

ಕಳೆದ ವರ್ಷ ನನ್ನ ಕಥಾಸಂಕಲನವನ್ನು ಪ್ರಿಂಟ್ ಆನ್ ಡಿಮಾಂಡ್ ಮೂಲಕ ತಂದೆ. ಆರ್ಡರ್ ಬಂದಾಗ ಮಾತ್ರ ಪ್ರತಿ ಅಚ್ಚಾಗುತ್ತದೆ. ಸಾವಿರ ಪ್ರತಿ ಹಾಕಿಸಿ ಮನೆಯ ಅಟ್ಟದಲ್ಲಿ ಇಟ್ಟುಕೊಳ್ಳಬೇಕಿಲ್ಲ. ಆ ಅನುಕೂಲ ನಿಜ, ಅದರ ಬಗ್ಗೆ ನನಗೆ ತಕರಾರಿಲ್ಲ. ನಾನು ಮೋಸಹೋದದ್ದು ಒಂದು ಪದದಲ್ಲಿ. ಸಂಸ್ಥೆ 'ಶೇ. 100 ರಾಯಲ್ಟಿ' ಎಂದಿತ್ತು. ಯಾವುದರ ಶೇ. 100 ಅಂತ ನಾನು ಕೇಳಲಿಲ್ಲ.

ಸಾಮಾನ್ಯ ಪ್ರಕಾಶಕರು ಮುಖಬೆಲೆಯ ಮೇಲೆ ಶೇ. 10ರ ಆಸುಪಾಸು ಗೌರವಧನ ಕೊಡುತ್ತಾರೆ. 250 ರೂಪಾಯಿ ಪುಸ್ತಕಕ್ಕೆ 25 ರೂಪಾಯಿ. ಇಲ್ಲಿ ಹಾಗಲ್ಲ. ಕರಾರಿನಲ್ಲಿ ಇದ್ದದ್ದು 'ನಿವ್ವಳ ಲಾಭದ ಶೇ. 100'. ಎಲ್ಲ ಕಡಿತ ಮುಗಿದ ಮೇಲೆ ಉಳಿದದ್ದು ಪೂರ್ತಿ ನಿಮ್ಮದು ಅಂತ ಅರ್ಥ. ಎಷ್ಟು ಉಳಿಯುತ್ತದೆ ಅನ್ನುವುದೇ ಪ್ರಶ್ನೆ, ಅಲ್ವಾ?

ನನ್ನ ಲೆಕ್ಕ ನೋಡಿ. ಮುಖಬೆಲೆ 250. ಮುದ್ರಣಕ್ಕೆ ಅವರ ದರ ಹೀಗಿತ್ತು: ಮುಖಪುಟ ಮತ್ತು ಬೈಂಡಿಂಗಿಗೆ 35 ರೂಪಾಯಿ, ಪುಟಕ್ಕೆ 45 ಪೈಸೆ. ಪುಸ್ತಕ 200 ಪುಟ, ಹಾಗಾಗಿ 125 ರೂಪಾಯಿ. ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟವಾದರೆ ಮುಖಬೆಲೆಯ ಶೇ. 40 ಕಮಿಷನ್, ಅಂದರೆ 100 ರೂಪಾಯಿ. ಆ ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ, 18 ರೂಪಾಯಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ಪುಸ್ತಕಕ್ಕೆ ಇಲ್ಲ ನಿಜ, ಆದರೆ ಮಾರಿಕೊಡುವ ಸೇವೆಗೆ ಇದೆ. ಎಲ್ಲ ಕಳೆದರೆ ಉಳಿಯುವುದು 7 ರೂಪಾಯಿ. ಅದೇ ಪ್ರತಿ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಹೋದರೆ ಕಮಿಷನ್ ಶೇ. 10 ಮಾತ್ರ, ಆಗ 95 ರೂಪಾಯಿ 50 ಪೈಸೆ ಸಿಗುತ್ತದೆ. ಸಹಿ ಹಾಕುವ ಮೊದಲು ಅವರು ತೋರಿಸಿದ್ದು ಈ ಎರಡನೇ ಲೆಕ್ಕವನ್ನು.

ಆರು ತಿಂಗಳಲ್ಲಿ 64 ಪ್ರತಿ ಹೋದವು. 58 ಆನ್‌ಲೈನ್ ಮಾರುಕಟ್ಟೆಯಲ್ಲಿ, 6 ಅವರ ಜಾಲತಾಣದಲ್ಲಿ. 406 ಮತ್ತು 573, ಒಟ್ಟು 979 ರೂಪಾಯಿ. ನಂತರ ಈ 64 ಅಲ್ಲದೆ ಇನ್ನೂ ಮೂರು ಪ್ರತಿ ಮಾರಾಟವಾಗಿ ವಾಪಸ್ ಬಂದದ್ದು ತಿಳಿಯಿತು. ಓದುಗರಿಗೆ ಹಣ ಹಿಂತಿರುಗಿಸಿದರು, ಕಮಿಷನ್ನೂ ಬಿಟ್ಟರು. ಆದರೆ ಪ್ರತಿ ಅಚ್ಚಾಗಿಬಿಟ್ಟಿದೆಯಲ್ಲ, ಆ ಮುದ್ರಣ ವೆಚ್ಚ ನನ್ನ ಖಾತೆಗೆ ಬಿತ್ತು. ಮೂರಕ್ಕೆ 375 ರೂಪಾಯಿ ಹೋಯಿತು, ಉಳಿದದ್ದು 604. ಒಂದು ಪ್ರತಿ ವಾಪಸ್ ಬಂದರೆ ಸುಮಾರು 18 ಪ್ರತಿಗಳ ದುಡಿಮೆ ಹೋದಂತೆ. ಆ 604 ಕೂಡ ಕೈಗೆ ಬರಲಿಲ್ಲ. 1000 ರೂಪಾಯಿ ತುಂಬುವವರೆಗೆ ಪಾವತಿ ಇಲ್ಲ ಎಂದು ಕರಾರಿನ ಕೊನೆಯ ಪುಟದಲ್ಲಿ ಇತ್ತು. ನಾನು ಅಲ್ಲಿಯವರೆಗೆ ಓದಿರಲಿಲ್ಲ.

ಇನ್ನೊಂದು ವಿಷಯ ತಡವಾಗಿ ಅರ್ಥವಾಯಿತು. ನನ್ನ ಹಸ್ತಪ್ರತಿ 160 ಪುಟಗಳಲ್ಲಿ ಆರಾಮಾಗಿ ಕೂರುತ್ತಿತ್ತು. ಅವರ ಪುಟವಿನ್ಯಾಸದಲ್ಲಿ ಅದು 200 ಆಯಿತು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಸ್ವಲ್ಪ ಜಾಗ ಬೇಕೇ ಬೇಕು. ಆದರೆ ಅವರು ಅಕ್ಷರವನ್ನೂ ದೊಡ್ಡದು ಮಾಡಿ, ಅಂಚನ್ನೂ ಅಗಲ ಬಿಟ್ಟಿದ್ದರು. ನೋಡಲು ಚೆನ್ನಾಗಿದೆ ಎಂದು ನಾನೂ ಒಪ್ಪಿದೆ. ಹೆಚ್ಚಾದ 40 ಪುಟಕ್ಕೆ ಪ್ರತಿಗೆ 18 ರೂಪಾಯಿ. ಅದು ಸೀದಾ ನನ್ನ ಪಾಲಿನಿಂದಲೇ ಹೋಗುತ್ತಿತ್ತು.

ಇಲ್ಲೊಂದು ಸೂಕ್ಷ್ಮ ಇದೆ. ಬೆಲೆ 1 ರೂಪಾಯಿ ಏರಿಸಿದರೆ ಅದರಲ್ಲೂ ಕಮಿಷನ್, ಜಿಎಸ್‌ಟಿ ಹೋಗಿ ನಿಮಗೆ ಸುಮಾರು 53 ಪೈಸೆ ಸಿಗುತ್ತದೆ. ಮುದ್ರಣ ವೆಚ್ಚದಲ್ಲಿ 1 ರೂಪಾಯಿ ಉಳಿಸಿದರೆ ಪೂರ್ತಿ ರೂಪಾಯಿ ನಿಮ್ಮದೇ. ಕಮಿಷನ್ ಮುಖಬೆಲೆಯ ಮೇಲೆ ಲೆಕ್ಕವಾಗುವುದರಿಂದ ಹೀಗೆ. ಆದ್ದರಿಂದ ಮೊದಲು ಪುಟ ನೋಡಿ, ಬೆಲೆ ಆಮೇಲೆ.

ನೀವು ಈ ದಾರಿಗೆ ಹೊರಟಿದ್ದರೆ, ಸಹಿಗೆ ಮುಂಚೆ ಒಂದು ಪ್ರತಿಯ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ. ಪ್ರತಿ ಮಾರಾಟ ಜಾಗಕ್ಕೂ ಬೇರೆ ಬೇರೆ ಲೆಕ್ಕ ಇರಬೇಕು. ನಿಮ್ಮ ಅಂತಿಮ ಪುಟಸಂಖ್ಯೆ ಹಾಕಿಯೇ ಕೊಡಲಿ, ಅಂದಾಜು ಬೇಡ. ವಾಪಸಾದ ಪ್ರತಿಯ ಖರ್ಚು ಯಾರದು, ರಿಯಾಯಿತಿ ಕೊಟ್ಟರೆ ಅದು ಯಾರ ಪಾಲಿನಿಂದ ಹೋಗುತ್ತದೆ, ಇವೆರಡನ್ನೂ ಕೇಳಿ. 'ಅದೆಲ್ಲ ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಕಾಣುತ್ತೆ ಸರ್' ಅಂದರೆ ಅಲ್ಲೇ ನಿಲ್ಲಿಸಿ. ನನಗೆ ಹೇಳಿದ್ದೂ ಇದನ್ನೇ. ಜೊತೆಗೆ ಪ್ಯಾನ್ ಸಂಖ್ಯೆ ತಪ್ಪದೆ ಕೊಡಿ. ರಾಯಲ್ಟಿಗೆ ಟಿಡಿಎಸ್ ಹಿಡಿಯುವ ಸಂದರ್ಭ ಬಂದಾಗ ದರ ಶೇ. 10, ಪ್ಯಾನ್ ಇಲ್ಲದಿದ್ದರೆ ಶೇ. 20.

ನಾನು ಗೆಳೆಯರೊಬ್ಬರಿಂದ ಪುಟವಿನ್ಯಾಸ ಮತ್ತೆ ಮಾಡಿಸಿ 160 ಪುಟಕ್ಕೆ ಇಳಿಸಿದೆ. ಬೆಲೆ 270 ಮಾಡಿದೆ. ಈಗ ಆನ್‌ಲೈನ್ ಮಾರುಕಟ್ಟೆಯಲ್ಲಿ ಹೋದ ಪ್ರತಿಗೆ 35 ರೂಪಾಯಿ 56 ಪೈಸೆ ಬರುತ್ತಿದೆ. ಹಳೆಯ 604 ಇನ್ನೂ ಖಾತೆಯಲ್ಲೇ ಇದೆ.