ವಾರಂಟಿ ಕಾರ್ಡಿನ ಫೋಟೋ ನಂಬಿ ದೂರು ಬರೆಯುವ ಮುಂಚೆ

ನಮ್ಮ ವಾಷಿಂಗ್ ಮಷಿನ್ ವಾರಂಟಿ ಮುಗಿಯುವ ಮೊದಲೇ ಕೆಟ್ಟು ನಿಂತಿತು. ಮೋಟಾರ್ ತಿರುಗುತ್ತಿರಲಿಲ್ಲ, ಬಾಗಿಲಿನ ರಬ್ಬರ್ ಕೂಡ ಹರಿದಿತ್ತು. ಬಂದ ಮೆಕ್ಯಾನಿಕ್ ‘ಇದು ವಾರಂಟಿಯಲ್ಲಿ ಬರಲ್ಲ’ ಅಂತ ಬಾಯಿಮಾತಲ್ಲೇ ಹೇಳಿ ಹೊರಟುಬಿಟ್ಟರು. ಕಾರ್ಡ್ ಪೂರ್ತಿ ಇಂಗ್ಲಿಷಲ್ಲಿತ್ತು. ಫೋಟೋ ತೆಗೆದು ಆ್ಯಪ್‌ನಲ್ಲಿ ಕನ್ನಡಕ್ಕೆ ಮಾಡಿಸಿ, ಅದನ್ನೇ ಆಧಾರವಾಗಿಟ್ಟು ಕಂಪನಿಗೆ ದೂರು ಬರೆದೆವು.

ಕಾರ್ಡಿನಲ್ಲಿ ಷರತ್ತುಗಳು ಎರಡು ಕಾಲಮ್‌ಗಳಲ್ಲಿ ಅಕ್ಕಪಕ್ಕ ಅಚ್ಚಾಗಿದ್ದವು. ಎಡಗಡೆ ವಾರಂಟಿಗೆ ಸೇರಿದ ಭಾಗಗಳು, ಬಲಗಡೆ ಸೇರದವು, ನಡುವೆ ಒಂದು ತೆಳು ಗೆರೆ. ಫೋಟೋದಲ್ಲಿ ಆ ಗೆರೆಯೇ ಕಾಣಲಿಲ್ಲ. ಹೀಗಾಗಿ ಆ್ಯಪ್ ಎಡದಿಂದ ಬಲಕ್ಕೆ ಒಂದೇ ಸಮನೆ ಓದಿಕೊಂಡು ಹೋಗಿದೆ. ‘ಮೋಟಾರ್, ರಬ್ಬರ್ ಭಾಗಗಳು, ಕಂಟ್ರೋಲ್ ಬೋರ್ಡ್, ಪ್ಲಾಸ್ಟಿಕ್ ಭಾಗಗಳು’ ಅಂತ ಎಲ್ಲವೂ ವಾರಂಟಿಯ ಪಟ್ಟಿಯಲ್ಲೇ ಬಂತು. ಕನ್ನಡ ಎಲ್ಲೂ ಮುರಿದಿರಲಿಲ್ಲ, ಸರಾಗವಾಗಿ ಓದಿಸಿಕೊಳ್ಳುತ್ತಿತ್ತು. ಅನುಮಾನ ಬರುವುದಾದರೂ ಹೇಗೆ?

ಪತ್ರದಲ್ಲಿ ಮೋಟಾರ್, ರಬ್ಬರ್ ಎರಡನ್ನೂ ಉಚಿತವಾಗಿ ಬದಲಿಸಿ ಎಂದು ಕೇಳಿದ್ದೆವು. ಕಂಪನಿಯ ಉತ್ತರ ಎರಡೇ ಸಾಲು: ರಬ್ಬರ್ ಭಾಗಗಳಿಗೆ ವಾರಂಟಿ ಇಲ್ಲ, ದೂರು ಮುಕ್ತಾಯ. ಮೋಟಾರ್ ಬಗ್ಗೆ ಒಂದಕ್ಷರ ಇಲ್ಲ! ನ್ಯಾಯವಾಗಿ ಸಿಗಬೇಕಾದದ್ದನ್ನು ಹೀಗೆ ಪಕ್ಕಕ್ಕೆ ತಳ್ಳಿದ್ದು ನೋಡಿ ನನಗೆ ತುಂಬಾ ಸಿಟ್ಟು ಬಂತು.

ಎರಡನೇ ಸಲ ಪ್ರತಿ ಕಾಲಮ್ಮಿನ ಫೋಟೋ ಬೇರೆ ಬೇರೆ ತೆಗೆದೆವು. ಕಾರ್ಡ್ ಮಡಚಿದ ಕಡೆ ಅಕ್ಷರ ಮುಚ್ಚಿಹೋಗದಂತೆ ಅದನ್ನು ಚಪ್ಪಟೆ ಮಾಡಿ, ಹೊಳಪು ಬೀಳದ ಬೆಳಕಲ್ಲಿ, ನೇರ ಮೇಲಿನಿಂದ. ಕಂಪನಿಯ ಹೊಣೆ ಹೇಳುವ ಷರತ್ತನ್ನು ಇಂಗ್ಲಿಷ್ ತಿಳಿದ ಒಬ್ಬರ ಹತ್ತಿರ ಓದಿಸಿದೆವು. ನಕ್ಷತ್ರದ ಗುರುತಿದ್ದ ಕಡೆ, ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಯನ್ನೂ ಬಿಡಲಿಲ್ಲ.

ಮೆಕ್ಯಾನಿಕ್‌ರಿಂದ ಜಾಬ್ ಶೀಟ್ ಕೇಳಿ ಪಡೆದೆವು. ಅದರಲ್ಲಿ ಮೋಟಾರಿನ ವೈಂಡಿಂಗ್ ಸುಟ್ಟಿದೆ, ರಬ್ಬರ್ ಹರಿದಿದೆ ಎಂದು ಎರಡು ದೋಷಗಳನ್ನೂ ಬೇರೆ ಬೇರೆಯಾಗಿ ಬರೆದಿದ್ದರು. ಈ ಕಾಗದ ಜಾಸ್ತಿ ಕೆಲಸಕ್ಕೆ ಬಂತು.

ಹೊಸ ಪತ್ರ ಚಿಕ್ಕದು. ಮೇಲೆ ಮಾಡೆಲ್ ನಂಬರ್, ಸೀರಿಯಲ್ ನಂಬರ್, ಬಿಲ್ಲಿನ ತಾರೀಖು, ಹಳೇ ದೂರಿನ ನಂಬರ್. ಆಮೇಲೆ ಮುಖ್ಯ ಭಾಗ:

‘ನಿಮ್ಮ ವಾರಂಟಿ ಕಾರ್ಡಿನ ಎಡ ಕಾಲಮ್ಮಿನಲ್ಲಿ ಮೋಟಾರ್ ಇದೆ. ಆ ಸಾಲನ್ನು ಇಂಗ್ಲಿಷಿನಲ್ಲಿ ಇದ್ದಂತೆಯೇ ಕೆಳಗೆ ಬರೆದಿದ್ದೇವೆ. ರಬ್ಬರ್ ಭಾಗದ ಖರ್ಚು ನಾವು ಕೊಡುತ್ತೇವೆ, ಅಂದಾಜನ್ನು ಮೊದಲೇ ಲಿಖಿತವಾಗಿ ತಿಳಿಸಿ. ಮೋಟಾರನ್ನು ವಾರಂಟಿಯಲ್ಲಿ ಬದಲಿಸಿ ಕೊಡಿ. ಆಗುವುದಿಲ್ಲ ಎಂದಾದರೆ, ಯಾವ ಷರತ್ತಿನ ಪ್ರಕಾರ ಎಂದು ಬರೆದು ತಿಳಿಸಿ.’

ಜೊತೆಗೆ ಬಿಲ್, ಜಾಬ್ ಶೀಟ್, ಕಾರ್ಡಿನ ಎರಡೂ ಬದಿಯ ಪ್ರತಿ ಇಟ್ಟೆವು. ಮೂಲ ಕಾಗದ ಒಂದನ್ನೂ ಕಳಿಸಲಿಲ್ಲ. ಈ ಸಲ ರಬ್ಬರ್ ನೆಪ ಹೇಳಲು ಅವರಿಗೆ ಜಾಗವೇ ಇರಲಿಲ್ಲ. ಮೋಟಾರ್ ಬದಲಿಸಿಕೊಟ್ಟರು, ರಬ್ಬರಿಗೆ ಮಾತ್ರ ದುಡ್ಡು ತಗೊಂಡರು.

ಎರಡು ಕಾಲಮ್ ಇರುವ ಕಾರ್ಡ್ ನಿಮ್ಮಲ್ಲೂ ಇದ್ದರೆ, ಒಂದೇ ಫೋಟೋದಲ್ಲಿ ಪೂರ್ತಿ ಹಿಡಿಯಬೇಡಿ. ಈಗಾಗಲೇ ಹಿಡಿದು ಕನ್ನಡ ಮಾಡಿಸಿದ್ದರೆ, ಪ್ಲಾಸ್ಟಿಕ್, ರಬ್ಬರ್, ಗಾಜು ವಾರಂಟಿಯಲ್ಲಿವೆ ಅಂತ ಬಂದಿದೆಯಾ ನೋಡಿ. ಬಂದಿದ್ದರೆ ಪತ್ರ ಕಳಿಸುವ ಮುಂಚೆ ಕಾರ್ಡನ್ನೇ ಕೈಯಲ್ಲಿ ಹಿಡಿದು ಇನ್ನೊಮ್ಮೆ ತಾಳೆ ನೋಡಿ.