ತಾಳಮದ್ದಳೆ ಎಂಬ ಒಂದು ಪದ, ಮೂರು ಬರೆಯುವ ಸಾಧನಗಳು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಸಮೀಪದ ನಮ್ಮ ಊರಿನ ಭಜನಾ ಮಂದಿರದಲ್ಲಿ ಮಳೆಗಾಲದ ತಾಳಮದ್ದಳೆ ಕೂಟಕ್ಕೆ ಹೊಸ ಫಲಕ ಬೇಕಾಗಿತ್ತು. ಅಚ್ಚಿನ ಅಕ್ಷರ ಬೇಡ, ಕೈಯಲ್ಲೇ ಬರೆಯೋಣ ಎಂದು ತೀರ್ಮಾನವಾದ ಮೇಲೆ, ಯಾವ ಸಾಧನದಿಂದ ಬರೆದರೆ ಈ ಪದ ಚೆನ್ನಾಗಿ ನಿಲ್ಲುತ್ತದೆ ಎಂಬುದನ್ನು ತಿಳಿಯಲು ನಾನು ಅದೇ ಪದವನ್ನು ಚಪ್ಪಟೆ ಮೊನೆಯ ಲೋಹದ ಲೇಖನಿ, ನಾನೇ ಕೆತ್ತಿಕೊಂಡ ಬಿದಿರಿನ ಲೇಖನಿ ಮತ್ತು ಫಲಕ ಬರೆಯುವವರ ಚಪ್ಪಟೆ ಬ್ರಶ್ ಈ ಮೂರರಲ್ಲಿಯೂ ಹತ್ತಾರು ಸಲ ಬರೆದು, ಹಾಳೆಗಳನ್ನು ಗೋಡೆಗೆ ಅಂಟಿಸಿ ಹೋಲಿಸಿ ನೋಡಿದೆನು.

ಪರೀಕ್ಷೆಗೆ ಈ ಪದ ಬಹಳ ಒಳ್ಳೆಯದು. ಐದೇ ಅಕ್ಷರಗಳಲ್ಲಿ ಇಳಿ, ಒತ್ತಕ್ಷರ, ಏತ್ವ ಮೂರೂ ಬರುತ್ತವೆ. ಳ, ಮ ಮತ್ತು ದ್ದ ಅಕ್ಷರಗಳಿಗೆ ಸಹಜವಾದ ತಲೆಕಟ್ಟು ಇದ್ದರೆ, ತಾ ಎಂಬಲ್ಲಿ ಅದು ಇಳಿಯಾಗಿ ಬಲಕ್ಕೆ ಬಾಗುತ್ತದೆ, ಳೆ ಎಂಬಲ್ಲಿ ಏತ್ವ ಅದರ ಜಾಗವನ್ನು ಹಿಡಿಯುತ್ತದೆ. ಆದ್ದರಿಂದ ಪದದ ಮೇಲಂಚನ್ನು ಮಾತ್ರ ನೋಡಿದರೂ ಬರೆದವನ ಕೈಯ ಲಯ ಎಲ್ಲಿ ತಪ್ಪಿತೆಂದು ಗೊತ್ತಾಗುತ್ತದೆ.

ಮೊದಲು ಲೋಹದ ಲೇಖನಿಯ ವಿಚಾರ. ನಾನು ಬಳಸಿದ್ದು 6 ಮಿ.ಮೀ. ಅಗಲದ ಮೊನೆ. ಅಕ್ಷರದ ಒಡಲಿಗೆ ಐದು ಮೊನೆಯಗಲ, ಎಂದರೆ 30 ಮಿ.ಮೀ. ಎತ್ತರ, ತಲೆಕಟ್ಟಿಗೆ ಒಂದೂವರೆ, ಒತ್ತಿಗೆ ಎರಡೂವರೆ ಎಂದು ಗೆರೆ ಹಾಕಿಕೊಂಡೆನು. ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ಮೊನೆಯನ್ನು ಹಿಡಿದ ಕೋನ. ಅಡ್ಡಗೆರೆಗೆ 45 ಡಿಗ್ರಿ ಓರೆಯಾಗಿ ಹಿಡಿದಾಗ ನಿಂತ ಗೆರೆ, ಮಲಗಿದ ಗೆರೆ ಎರಡೂ ಸುಮಾರು 4.2 ಮಿ.ಮೀ. ದಪ್ಪವಾಗಿ ಬಂದವು; ಆದರೆ ತಲೆಕಟ್ಟಿನಲ್ಲಿ ಬಲಕ್ಕೆ ಮೇಲೇರುವ ಭಾಗ ಮೊನೆಯ ಅಂಚಿನ ದಿಕ್ಕಿನಲ್ಲೇ ಸಾಗುವುದರಿಂದ ಕೂದಲಿನಷ್ಟು ಸಣ್ಣದಾಗಿ, ನಾಲ್ಕು ಹೆಜ್ಜೆ ಹಿಂದೆ ನಿಂತರೆ ಕಾಣದಂತಾಯಿತು. ತಲೆಕಟ್ಟು ಕಾಣದ ದಕಾರವನ್ನು ಓದುವಾಗ ಕಣ್ಣು ತಡವರಿಸುತ್ತದೆ. ಕೋನವನ್ನು 30 ಡಿಗ್ರಿಗೆ ಇಳಿಸಿದಾಗ ಮೇಲೇರುವ ಆ ಗೆರೆಗೆ ಒಂದೂವರೆ ಎರಡು ಮಿ.ಮೀ.ಯಷ್ಟು ಮೈ ಬಂತು, ನಿಂತ ಗೆರೆ 5.2 ಆಯಿತು, ಬಟ್ಟಲಿನ ತಳ 3 ಮಿ.ಮೀ.ಗೆ ಇಳಿಯಿತು. ಕನ್ನಡದ ಅಕ್ಷರಗಳು ಕುಳಿತುಕೊಳ್ಳುವುದು ತಳದ ಬಟ್ಟಲಿನ ಮೇಲೆಯೇ ಆದ್ದರಿಂದ ಆ ತಳ ಇನ್ನೂ ಸ್ವಲ್ಪ ದಪ್ಪವಿರಬೇಕಿತ್ತು ಎಂಬ ಕೊರತೆ ನನಗೆ ಉಳಿದೇ ಇದೆ. ಆದರೂ ಒಟ್ಟಿನಲ್ಲಿ 30 ಡಿಗ್ರಿಯ ಬರಹವೇ ಮೇಲು.

ಲೇಖನಿಯ ಇನ್ನೊಂದು ತೊಡಕು ಏರುಗೆರೆಯದು. ದಿನನಿತ್ಯದ ಬರವಣಿಗೆಯಲ್ಲಿ ನಾವು ಬಟ್ಟಲಿನ ಎಡಬದಿಯಿಂದ ಇಳಿದು, ತಳದಲ್ಲಿ ತಿರುಗಿ, ಬಲಬದಿಯಲ್ಲಿ ಒಂದೇ ಎಳೆತಕ್ಕೆ ಏರುತ್ತೇವೆ. ಅಗಲ ಮೊನೆಯನ್ನು ಹಾಗೆ ಮೇಲಕ್ಕೆ ತಳ್ಳಿದರೆ ಅದು ಕಾಗದದ ನಾರಿಗೆ ಸಿಕ್ಕಿ ಶಾಯಿ ಚಿಮ್ಮುತ್ತದೆ. ಅದಕ್ಕಾಗಿ ಕೈ ಎತ್ತಿ, ಬಲಬದಿಯನ್ನು ಮೇಲಿನಿಂದ ಕೆಳಕ್ಕೆ ಬೇರೆಯಾಗಿ ಎಳೆದು ತಳದಲ್ಲಿ ಕೂಡಿಸಬೇಕು. ಆ ಸೇರಿಕೆ ಸರಿಯಾಗದಿದ್ದರೆ ಬಟ್ಟಲಿನ ತಳದಲ್ಲಿ ಒಂದು ಗಂಟು ಉಳಿಯುತ್ತದೆ, ಶಾಯಿ ಎರಡು ಪದರವಾದ ಕಡೆ ಕಪ್ಪು ಹೆಚ್ಚಾಗಿ ಕಾಣುತ್ತದೆ. ಲಯ ಮುರಿದದ್ದನ್ನು ಗುರುತಿಸಲು ನಾನು ಹುಡುಕುವುದು ಈ ಗಂಟನ್ನೇ.

ಬಿದಿರಿನ ಲೇಖನಿಯ ಬಗ್ಗೆ ಹೆಚ್ಚು ಹೇಳಲಾರೆ. ಅದರ ಗೆರೆಯ ಅಂಚಿನಲ್ಲಿ ಒಂದು ಸೊಗಸಾದ ಒರಟುತನವಿದೆ. ಆದರೆ ಎರಡು ಮೂರು ಎಳೆತಗಳಿಗೇ ಶಾಯಿ ಬತ್ತಿ, ಮಕಾರ ಅರ್ಧಕ್ಕೆ ಬಂದಾಗ ಗೆರೆ ಬಣ್ಣಗೆಡುತ್ತಿತ್ತು. ಜೊತೆಗೆ ನಮ್ಮ ಆಷಾಢದ ತೇವದಲ್ಲಿ ಬಿದಿರು ಬೇಗನೆ ಮೆತ್ತಗಾಗಿ, ಐದಾರು ಸಾಲು ಬರೆಯುವಷ್ಟರಲ್ಲಿ ಮೊನೆ ದುಂಡಗಾಯಿತು. ಚಿಕ್ಕ ಆಮಂತ್ರಣ ಪತ್ರಕ್ಕೆ ಸಾಕು, ಫಲಕದ ಕೆಲಸಕ್ಕಲ್ಲ.

ಬ್ರಶ್ಶಿನ ಪ್ರಯೋಗಕ್ಕೆ ನೆರೆಮನೆಯ ಪೇಂಟರ್ ಅಣ್ಣ ನೆರವಾದರು. ಒಂದು ಇಂಚಿನ ಬ್ರಶ್, ಎಂದರೆ ಸುಮಾರು 25 ಮಿ.ಮೀ.; ಅದೇ ಲೆಕ್ಕದಲ್ಲಿ ಒಡಲು 125 ಮಿ.ಮೀ. ಆಗುತ್ತದೆ. ಕೂದಲು ಬಾಗುವುದರಿಂದ ಬ್ರಶ್ ಮೇಲಕ್ಕೂ ತಡೆಯಿಲ್ಲದೆ ಸಾಗುತ್ತದೆ, ಬಟ್ಟಲು ಒಂದೇ ಎಳೆತದಲ್ಲಿ ಮುಗಿಯುತ್ತದೆ. ಅದಕ್ಕಿಂತಲೂ ಮುಖ್ಯವಾದದ್ದು, ತಳಕ್ಕೆ ಬರುವಾಗ ಹಿಡಿಯನ್ನು ಬೆರಳುಗಳ ನಡುವೆ ತುಸು ಹೊರಳಿಸಿ ಕೋನವನ್ನು 30ರಿಂದ 40ರ ಹತ್ತಿರಕ್ಕೆ ತಂದರೆ ತಳ ದಪ್ಪವಾಗುತ್ತದೆ, ಮತ್ತೆ ತಲೆಕಟ್ಟಿಗೆ ಹೋಗುವಾಗ 30ಕ್ಕೆ ಮರಳಬಹುದು. ಲೇಖನಿಯಲ್ಲಿ ನನಗೆ ಸಿಗದೆ ಉಳಿದ ತೂಕ ಇಲ್ಲಿ ಸಿಕ್ಕಿತು. ಆದರೆ ಇದೇ ಸ್ವಾತಂತ್ರ್ಯದಿಂದ ಪ್ರಮಾಣ ಕೆಡುವುದೂ ಸುಲಭ. ನನ್ನ ಮೊದಲ ನಾಲ್ಕು ಹಾಳೆಗಳಲ್ಲಿ ಮಕಾರದ ಬಲಗಡೆಯ ಬಾಲ ಎಳೆತದ ಭರದಲ್ಲಿ ತಲೆಕಟ್ಟಿನವರೆಗೂ ಏರಿ, ಅದು ಮ ಆಗಿರದೆ ವು ಇರಬಹುದೇ ಎಂಬ ಅನುಮಾನ ಹುಟ್ಟಿಸುತ್ತಿತ್ತು. ಬಾಲವನ್ನು ಒಡಲಿನ ಅರ್ಧ ಎತ್ತರದ ಆಸುಪಾಸಿನಲ್ಲಿ ನಿಲ್ಲಿಸಿದ ಮೇಲೆ ಆ ಗೊಂದಲ ಹೋಯಿತು.

ಮೂರೂ ಸಾಧನಗಳಿಗೆ ಸಮಾನವಾಗಿ ಕಾಡಿದ್ದು ದ್ದ ಮತ್ತು ಳೆ ನಡುವಿನ ಅಂತರ. ದಕಾರದ ಒತ್ತು ಅಕ್ಷರದ ಕೆಳಗೆ ಮಾತ್ರವಲ್ಲ, ಸ್ವಲ್ಪ ಬಲಕ್ಕೂ ಚಾಚಿಕೊಂಡಿರುತ್ತದೆ. ಲೇಖನಿಯ ಹಾಳೆಯೊಂದರಲ್ಲಿ ನಾನು ಒತ್ತಿನ ಬಲತುದಿಯಿಂದ ಅಳೆದು 4 ಮಿ.ಮೀ. ಬಿಟ್ಟು ಳೆ ಬರೆದೆನು. ಅಳತೆಗೆ ಸರಿಯಾಗಿದ್ದರೂ ಮೇಲೆ ಒಡಲುಗಳ ನಡುವೆ 15 ಮಿ.ಮೀ. ಬಿಳಿ ತೆರೆದುಕೊಂಡಿತು; ಉಳಿದ ಅಕ್ಷರಗಳ ನಡುವೆ ಇದ್ದದ್ದು ಸುಮಾರು 6 ಮಾತ್ರ. ಗೋಡೆಯ ಮೇಲೆ ಅದು "ತಾಳಮದ್ದ ಳೆ" ಎಂದು ಎರಡಾಗಿ ಕಾಣುತ್ತಿತ್ತು. ಳೆ ಅಕ್ಷರ ಅಡಿಗೆರೆಯಲ್ಲೇ ಮುಗಿಯುವುದರಿಂದ ಅದರ ಕೆಳಗೆ ಜಾಗ ಖಾಲಿಯಿದೆ. ಆದ್ದರಿಂದ ಮುಂದಿನ ಹಾಳೆಯಲ್ಲಿ ಒತ್ತಿನ ತುದಿ ಳೆಯ ಅಡಿಗೆ 3 ಮಿ.ಮೀ.ಯಷ್ಟು ನುಸುಳುವಂತೆ ಬಿಟ್ಟು, ಒಡಲುಗಳ ಅಂತರವನ್ನು 8ಕ್ಕೆ ಇಳಿಸಿದೆನು. ಒತ್ತಿನ ನೆತ್ತಿಗೂ ಳೆಯ ತಳಕ್ಕೂ ಅರ್ಧ ಮೊನೆಯಗಲದ ಬಿಳಿ ಉಳಿದರೆ ಎರಡೂ ಒಂದಕ್ಕೊಂದು ತಾಗಿದಂತೆ ಕಾಣುವುದಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ: ಅಡಿಗೆರೆಯ ಕೆಳಗಿನ ಭಾಗವನ್ನು ಕಾಗದದ ಪಟ್ಟಿಯಿಂದ ಮುಚ್ಚಿ, ಮೇಲಿನ ಒಡಲುಗಳ ನಡುವಿನ ಬಿಳಿಯನ್ನು ಮಾತ್ರ ನೋಡಬೇಕು.

ಫಲಕದ ಮೇಲೆ ಮಲಯಾಳದ ಸಾಲೂ ಇರಬೇಕಾದ್ದರಿಂದ ಪೇಂಟರ್ ಅಣ್ಣ ಮೊದಲು ಎರಡೂ ಸಾಲುಗಳಿಗೆ ಸಮನಾದ ಜಾಗ ಗುರುತು ಹಾಕಿದ್ದರು. ಮಲಯಾಳದಲ್ಲಿ 1971ರ ಲಿಪಿ ಸುಧಾರಣೆಯ ಬಳಿಕ ಉ, ಊ ಚಿಹ್ನೆಗಳೂ ಹಲವು ಕೂಡಕ್ಷರಗಳೂ ಬಿಡಿಸಿ ಬರೆಯುವ ಕ್ರಮಕ್ಕೆ ಬಂದುದರಿಂದ ಅಡಿಗೆರೆಯ ಕೆಳಗೆ ಇಳಿಯುವ ಭಾಗ ಕಡಿಮೆ. ಆ ಅಭ್ಯಾಸದ ಕೈಗೆ ಕನ್ನಡದ ಒತ್ತಿನ ಆಳ ತಟ್ಟನೆ ಹೊಳೆಯುವುದಿಲ್ಲ. ಸೀಮೆಸುಣ್ಣದಲ್ಲಿ ಗೀಚಿ ನೋಡಿದ ಮೇಲೆ ಅವರೇ, "ಮಾಷ್ಟ್ರೇ, ಒತ್ತಿಗೆ ಜಾಗ ಸಾಲುವುದಿಲ್ಲ, ಕನ್ನಡದ ಸಾಲನ್ನು ಮೇಲಕ್ಕೆ ತೆಗೆಯುವ," ಎಂದರು. ತಲೆಕಟ್ಟಿಗೆ 37, ಒಡಲಿಗೆ 125, ಒತ್ತಿಗೆ ಅದರ ಮೇಲಿನ ಬಿಳಿಯೂ ಸೇರಿ 75 ಎಂದು ಕೂಡಿಸಿದಾಗ ಕನ್ನಡದ ಸಾಲಿಗೆ ಸುಮಾರು 237 ಮಿ.ಮೀ. ಬೇಕಾಯಿತು, ಎರಡಡಿ ಎತ್ತರದ ಹಲಗೆಯಲ್ಲಿ ಮಲಯಾಳದ ಸಾಲನ್ನು ಅದಕ್ಕೆ ತಕ್ಕಂತೆ ಕೆಳಗಿಳಿಸಿದೆವು.

ಕೊನೆಗೆ ನಾನು ಆರಿಸಿಕೊಂಡದ್ದು ಬ್ರಶ್ಶನ್ನು, ಆದರೆ ಲೇಖನಿಯನ್ನು ಬಿಟ್ಟು ಅಲ್ಲ. ಅಂತರ ಮತ್ತು ಪ್ರಮಾಣಗಳನ್ನು 6 ಮಿ.ಮೀ. ಲೇಖನಿಯಲ್ಲಿ ಬರೆದು ಸರಿಪಡಿಸಿಕೊಂಡು, ಅದೇ ಹಾಳೆಯನ್ನು ನಾಲ್ಕು ಪಟ್ಟಿಗಿಂತ ತುಸು ಹೆಚ್ಚು ಹಿಗ್ಗಿಸಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ, ಬಣ್ಣವನ್ನು ಬ್ರಶ್ಶಿನಲ್ಲಿ ತುಂಬಿದೆವು. ಬರೆದಾದ ಮೇಲೆ ಳೆಯ ಏತ್ವದ ಸುರುಳಿ ಪಕ್ಕದ ತಲೆಕಟ್ಟುಗಳಿಗಿಂತ ಬೆರಳಗಲದಷ್ಟು ಮೇಲೇರಿರುವುದು ಕಂಡಿತು. ಬಣ್ಣ ಒಣಗಿದೊಡನೆ ಅದರ ನೆತ್ತಿಯನ್ನು ಹಿನ್ನೆಲೆಯ ಬಣ್ಣದಿಂದ ಒಂದು ಸುತ್ತು ಕತ್ತರಿಸಿ, ಉಳಿದ ತಲೆಕಟ್ಟುಗಳ ಸಾಲಿಗೆ ತಂದೆವು.