ಸಂವತ್ಸರದ ಹೆಸರು ಹೇಳುವ ಸೂತ್ರ: ಆರು ವರ್ಷ ಬಳಸಿದ ಮೇಲೆ

ಮಂಡ್ಯದಲ್ಲಿ ನಮ್ಮದು ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಅಂಗಡಿ. ಪ್ರತಿ ಪತ್ರಿಕೆಯಲ್ಲೂ ಸಂವತ್ಸರದ ಹೆಸರು ಬೇಕೇ ಬೇಕು. ಆರು ವರ್ಷದಿಂದ ಅದನ್ನು ಎಕ್ಸೆಲ್ ಹಾಳೆಯಿಂದಲೇ ತೆಗೆಯುತ್ತಿದ್ದೇನೆ. A1ರಿಂದ A60ರವರೆಗೆ ಪ್ರಭವದಿಂದ ಅಕ್ಷಯದವರೆಗಿನ ಹೆಸರುಗಳಿವೆ. B2ನಲ್ಲಿ ಇಸವಿ ಹಾಕಿದರೆ ಆಯಿತು:

```
=INDEX($A$1:$A$60, MOD(B2-7,60)+1)
```

7 ಯಾಕೆ ಅಂದರೆ, 1987 ಪ್ರಭವ. ಅದರಲ್ಲಿ 7 ಕಳೆದರೆ 1980, ಅರವತ್ತರಿಂದ ಸರಿಯಾಗಿ ಭಾಗವಾಗುತ್ತದೆ. ಶೇಷ 0, ಅದಕ್ಕೆ 1 ಸೇರಿಸಿದರೆ ಮೊದಲ ಹೆಸರು. 2025ಕ್ಕೆ ಶೇಷ 38, ಮೂವತ್ತೊಂಬತ್ತನೆಯ ಹೆಸರು ವಿಶ್ವಾವಸು.

ಮೊದಲು ನಾನು `MOD(B2-6,60)` ಎಂದು ಚಿಕ್ಕದಾಗಿ ಬರೆದಿದ್ದೆ. ಎಲ್ಲ ಇಸವಿಗೂ ಸರಿ ಬಂತು, 1986 ಹಾಕುವವರೆಗೆ. ಅಲ್ಲಿ ಶೇಷ 0. INDEXಗೆ 0 ಕೊಟ್ಟರೆ ಇಡೀ ಪಟ್ಟಿ ಕೊಡು ಎಂದರ್ಥ. ಅಕ್ಷಯ ಅಂತ ಬರಬೇಕಾದ ಕಡೆ ಅರವತ್ತೂ ಹೆಸರು ಕೆಳಗಿನವರೆಗೆ ಇಳಿದುಬಿಟ್ಟವು. ಆ `+1` ಹೊರಗಿರಬೇಕಾದದ್ದು ಇದಕ್ಕೇ.

ಪಟ್ಟಿ ಟೈಪ್ ಮಾಡುವಾಗಲೂ ಹುಷಾರು. ಶುಭಕೃತ್, ಶೋಭಕೃತ್ ಎರಡೂ ಒಂದೇ ಅನ್ನಿಸಿ ಒಂದು ಬಿಟ್ಟುಹೋಗುತ್ತದೆ. ಆಗ 1947ಕ್ಕೆ ಸರ್ವಜಿತು ಸರಿಯಾಗೇ ಬರುತ್ತದೆ, 2025ಕ್ಕೆ ಮಾತ್ರ ವಿಶ್ವಾವಸು ಬದಲು ಪರಾಭವ ಬರುತ್ತದೆ. ಈ ಎರಡು ಇಸವಿ ಹಾಕಿ ನೋಡಿದರೆ ಗೊತ್ತಾಗಿಬಿಡುತ್ತದೆ.

ನನಗೆ ನಿಜಕ್ಕೂ ಪಾಠ ಕಲಿಸಿದ್ದು ಒಂದು ಷಷ್ಟ್ಯಬ್ದಿ ಪತ್ರಿಕೆ. ಯಜಮಾನರು ಹುಟ್ಟಿದ್ದು 1965ರ ಫೆಬ್ರವರಿ, ಸಮಾರಂಭ 2025ರ ಫೆಬ್ರವರಿ. ಹಾಳೆ ಎರಡಕ್ಕೂ ವಿಶ್ವಾವಸು ಅಂದಿತು. ಹೆಸರು ಎರಡೂ ಕಡೆ ಒಂದೇ ಇದ್ದದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ಪ್ರೂಫ್ ನೋಡಿದ ಅವರ ಅತ್ತಿಗೆ, "ಏನಪ್ಪಾ, ಇನ್ನೂ ಉಗಾದಿನೇ ಆಗಿಲ್ವಲ್ಲ, ಕ್ರೋಧಿ ಅಲ್ವಾ?" ಎಂದರು. ಅವರು ಹೇಳಿದ್ದೇ ಸರಿ. ಸಂವತ್ಸರ ಬದಲಾಗುವುದು ಯುಗಾದಿಗೆ, ಜನವರಿ ಒಂದಕ್ಕಲ್ಲ. ಎರಡೂ ತಾರೀಖು ಯುಗಾದಿಗೆ ಮುಂಚೆ ಇದ್ದವು, ಎರಡೂ ಕ್ರೋಧಿ.

ಅವತ್ತಿನಿಂದ B2ನಲ್ಲಿ ಬರೀ ಇಸವಿ ಅಲ್ಲ, ಪೂರ್ತಿ ತಾರೀಖು ಹಾಕುತ್ತೇನೆ. C2ನಲ್ಲಿ ಅದೇ ಇಸವಿಯ ಯುಗಾದಿ ತಾರೀಖು:

```
=INDEX($A$1:$A$60, MOD(YEAR(B2)-(B2<C2)-7,60)+1)
```

ತಾರೀಖು ಯುಗಾದಿಗಿಂತ ಮುಂಚಿನದಾದರೆ ನಡುವಿನ ಆವರಣ 1 ಆಗಿ, ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ 0. ಎರಡೂ ಸೆಲ್‌ನಲ್ಲಿ ನಿಜವಾದ ತಾರೀಖು ಇರಬೇಕು, ಅಕ್ಷರವಾಗಿ ಕೂತಿದ್ದರೆ ಹೋಲಿಕೆ ಕೆಡುತ್ತದೆ.

C2 ಮಾತ್ರ ಸೂತ್ರದಿಂದ ಬರುವುದಿಲ್ಲ. ಯುಗಾದಿ ಚಾಂದ್ರಮಾನದ ಹಬ್ಬ, ಪ್ರತಿ ವರ್ಷ ಜಾಗ ಬದಲಿಸುತ್ತದೆ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಏಪ್ರಿಲ್ 5ರ ಮದುವೆ 2024ರಲ್ಲಿ ಶೋಭಕೃತ್, 2025ರಲ್ಲಿ ವಿಶ್ವಾವಸು. ಹಾಗಾಗಿ ಹೊಸ ಪಂಚಾಂಗ ಕೈಗೆ ಬಂದ ದಿನವೇ ಆ ತಾರೀಖನ್ನು ಹಾಳೆಗೆ ಸೇರಿಸುತ್ತೇನೆ.